‘ಸ್ಲೋಪ್ ಚಾರ್ಟ್’ ಅಂದರೆ ‘ಇಳಿಜಾರು ನಕ್ಷೆ’ಯೇ?

ಪ್ರಶ್ನೆ:
ಒಂದು ಸಹಕಾರಿ ಬ್ಯಾಂಕಿನ ವಾರ್ಷಿಕ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ 24 ಶಾಖೆಗಳ ಠೇವಣಿ ತೋರಿಸುವ ಸ್ಲೋಪ್ ಚಾರ್ಟ್ ಇದೆ. ಎಡಕ್ಕೆ 2022, ಬಲಕ್ಕೆ 2024, ನಡುವೆ ಶಾಖೆಗೊಂದು ಗೆರೆ. ‘ಇಳಿಜಾರು ನಕ್ಷೆ’ ಅಂದರೆ ಠೇವಣಿಯೇ ಇಳಿದಿದೆ ಅಂದುಕೊಂಡಾರು ಸದಸ್ಯರು. ‘ಏರಿಳಿತದ ನಕ್ಷೆ’ ಆದೀತೇ?

ಒಬ್ಬರು:
ಹೊಸ ಪದ ಯಾಕ್ರೀ? ಎಕ್ಸೆಲ್‌ನಲ್ಲೂ ಇದು ಲೈನ್ ಚಾರ್ಟೇ. ‘ರೇಖಾನಕ್ಷೆ’ ಅನ್ನಿ, ಮುಗೀತು.

ಇನ್ನೊಬ್ಬರು:
ಲೈನ್ ಚಾರ್ಟಿನಿಂದಲೇ ಮಾಡುವುದು ಹೌದು, ಆದರೆ ತಾನಾಗಿ ಆಗುವುದಿಲ್ಲ. 24 ಸಾಲು, ಎರಡು ಕಾಲಂ ಕೊಟ್ಟರೆ ಶಾಖೆಗಳ ಹೆಸರೆಲ್ಲ ಅಡ್ಡ ಅಕ್ಷದ ಮೇಲೆ ಕೂತು, ವರ್ಷಕ್ಕೊಂದರಂತೆ ಎರಡೇ ಗೆರೆ ಬರುತ್ತವೆ. Switch Row/Column ಒತ್ತಿದ ಮೇಲೆಯೇ ಶಾಖೆಗೊಂದು ಗೆರೆ.

‘ಏರಿಳಿತ’ ಮಾತ್ರ ಬೇಡ. ಅದು ಅಡಿಕೆ ಧಾರಣೆಯ ಹಾಗೆ ಮತ್ತೆ ಮತ್ತೆ ಏರಿ ಇಳಿಯುವುದಕ್ಕೆ ಹೇಳುವ ಮಾತು. ಇಲ್ಲಿ ಇರುವುದು ಎರಡೇ ಬಿಂದು. 2023ರಲ್ಲಿ ಏನಾಯಿತೆಂದು ಈ ಗೆರೆಗೆ ಗೊತ್ತೇ ಇಲ್ಲ. 1983ರಲ್ಲಿ ಅಂಕಿಅಂಶ ಚಿತ್ರಣದ ಪರಿಣತ ಎಡ್ವರ್ಡ್ ಟಫ್ಟಿ 15 ದೇಶಗಳ ಸರ್ಕಾರಿ ವರಮಾನವನ್ನು 1970 ಮತ್ತು 1979ರ ನಡುವೆ ಹೀಗೆ ತೋರಿಸಿದಾಗ ಅದನ್ನು ‘ಟೇಬಲ್-ಗ್ರಾಫಿಕ್’ ಅಂದಿದ್ದರು. ಎರಡೂ ತುದಿಯಲ್ಲಿ ಹೆಸರು, ಅಂಕಿ ಓದಲು ಸಿಗುತ್ತಿತ್ತಲ್ಲ, ಅದಕ್ಕೆ. ನನ್ನ ಸಲಹೆ ‘ಓರೆಗೆರೆ ನಕ್ಷೆ’. ಓರೆ ಮೇಲಕ್ಕೂ ಇರಬಹುದು, ಕೆಳಕ್ಕೂ ಇರಬಹುದು.

ಮತ್ತೊಬ್ಬರು:
ಹೆಸರು ಏನಾದರೂ ಇಡಿ. ನಮ್ಮ ಔಷಧಿ ಅಂಗಡಿಗಳಿಗೂ ಇಂಥದ್ದೇ ನಕ್ಷೆ ಮಾಡಿದ್ದೇನೆ, ಅವುಗಳಲ್ಲಿ ಎರಡು ಈ ನಡುವೆ ತೆರೆದವು. ಅವುಗಳ ಗೆರೆಯೇ ಎಲ್ಲಕ್ಕಿಂತ ಕಡಿದಾಗಿ ಬರುತ್ತಿದೆ, ಯಾಕೆ?

ಇನ್ನೊಬ್ಬರು:
ಹಳೆಯ ವರ್ಷದ ಜಾಗದಲ್ಲಿ ಸೊನ್ನೆ ತುಂಬಿದ್ದೀರಿ. ಕೋಶ ಖಾಲಿ ಬಿಡಿ, ಬಲತುದಿಗೆ ಚುಕ್ಕೆಯೊಂದನ್ನೇ ಇಟ್ಟು ‘ಹೊಸದು’ ಅಂತ ಬರೆಯಿರಿ.

ಪ್ರಶ್ನೆ ಕೇಳಿದವರು:
‘ಓರೆ ಹೆಚ್ಚಿದ್ದರೆ ಬೆಳವಣಿಗೆ ದರ ಹೆಚ್ಚು’ ಅಂತ ಅಡಿಬರಹ ಕೊಡಲೇ?

ಇನ್ನೊಬ್ಬರು:
ಕೊಡಬೇಡಿ, ತಪ್ಪಾಗುತ್ತದೆ. ಒಂದು ಶಾಖೆ 4 ಕೋಟಿಯಿಂದ 6 ಕೋಟಿಗೆ, ಇನ್ನೊಂದು 20ರಿಂದ 22ಕ್ಕೆ ಹೋಯಿತು ಅನ್ನಿ. ಎರಡರಲ್ಲೂ ಹೆಚ್ಚಿದ್ದು 2 ಕೋಟಿ, ಹಾಗಾಗಿ ಗೆರೆಗಳು ಸಮಾನಾಂತರ. ಆದರೆ ಮೊದಲನೆಯದರ ಏರಿಕೆ ಶೇ 50, ಎರಡನೆಯದರದು ಶೇ 10. ಸಾಮಾನ್ಯ ಅಕ್ಷದಲ್ಲಿ ಓರೆ ಹೇಳುವುದು ‘ಹೆಚ್ಚಳದ ಮೊತ್ತ’. ‘ದರ’ ಅನ್ನಬೇಕಾದರೆ ಒಂದೇ ಪಟ್ಟು ಏರಿಕೆಗೆ ಒಂದೇ ಅಂತರ ಕೊಡುವ ಲಾಗ್ ಅಕ್ಷ ಬೇಕು. ಸದಸ್ಯರಿಗೆ ಲಾಗ್ ತಲೆನೋವು. ಬಲತುದಿಯ ಅಂಕಿಯ ಪಕ್ಕ ಶೇಕಡಾವಾರು ಬರೆದುಬಿಡಿ. 24 ಹೆಸರೂ ಒಂದರ ಮೇಲೊಂದು ಬೀಳುತ್ತವೆ, ಹೇಳಬೇಕಾದ ಮೂರು ನಾಲ್ಕಕ್ಕೆ ಮಾತ್ರ ಬಣ್ಣ, ಹೆಸರು, ಉಳಿದವು ಬೂದು.

ಗಣಿತ ಮೇಷ್ಟ್ರೊಬ್ಬರು:
ಶಾಲೆಯಲ್ಲಿ ಏರುವ ಸರಳರೇಖೆಗೂ ‘ಇಳಿಜಾರು’ ಅಂತಲೇ ಹೇಳಿಕೊಡುತ್ತೇವೆ, ಮಕ್ಕಳೇನೂ ಗಲಿಬಿಲಿಯಾಗುವುದಿಲ್ಲ. ಅದಿರಲಿ, ಠೇವಣಿ ಇದ್ದಲ್ಲೇ ಇದ್ದ ಶಾಖೆಯ ಗೆರೆ ಮಟ್ಟಸವಾಗಿರುತ್ತದಲ್ಲ, ಅದನ್ನು ‘ಓರೆಗೆರೆ’ ಅನ್ನುವುದು ಹೇಗೆ?