ಮುಖಕ್ಕೆ 30, ಕತ್ತಿಗೆ 61: ಫೇಸ್ ಸ್ವಾಪ್ ಶಾಟಲ್ಲಿ ವಯಸ್ಸು ಹೊಂದ್ತಿಲ್ಲ

ಪ್ರಶ್ನೆ: ಶಾರ್ಟ್ ಫಿಲ್ಮಿಗೆ 61 ವರ್ಷದ ಕಲಾವಿದರೊಬ್ಬರ ಮುಖನ ಅವರದೇ 30ನೇ ವಯಸ್ಸಿನ ಹಳೇ ವಿಡಿಯೋಗಳಿಂದ ಟ್ರೈನ್ ಮಾಡಿ ಸ್ವಾಪ್ ಮಾಡಿದೀವಿ, ಅವರ ಒಪ್ಪಿಗೆ ಇದೆ. ಸೊಂಟದಿಂದ ಮೇಲಿನ ಶಾಟು, 40 ಸೆಕೆಂಡು, ಒಂದು ಪತ್ರ ಓದ್ತಾ ಮಾತಾಡ್ತಾರೆ. ಮುಖ ಚೆನ್ನಾಗೇ ಕೂತಿದೆ, ಆದ್ರೆ ನೋಡಿದೋರೆಲ್ಲ ಮುಖವಾಡ ಹಾಕ್ದಂಗಿದೆ ಅಂತಾರೆ. ಕತ್ತು, ಕೈ ಎಲ್ಲಿಂದ ರಿಪೇರಿ ಶುರು ಮಾಡ್ಲಿ?

ಒಬ್ಬ ಎಡಿಟರ್: ಬ್ರೋ ಸಿಂಪಲ್, ಕಲರ್ ಮ್ಯಾಚ್ ಮಾಡಿ. ಮುಖದ ಬಣ್ಣ ಕತ್ತಿಗೆ ತಂದು, ಕತ್ತಿನ ಮೇಲೆ ಸ್ವಲ್ಪ ಬ್ಲರ್ ಹೊಡೆದ್ರೆ ಸುಕ್ಕೆಲ್ಲ ಹೋಗತ್ತೆ. ನಾನು ಮದುವೆ ವಿಡಿಯೋಗಳಲ್ಲಿ ಹಂಗೇ ಮಾಡೋದು.

ಕಾಂಪೋಸಿಟರ್ (ವಿಎಫ್‌ಎಕ್ಸ್): ಬಣ್ಣದ ವಿಷಯ ಅವರು ಹೇಳಿದ್ದು ಸರಿನೇ. ಬ್ಲರ್ ಮಾತ್ರ ಬೇಡ. ಸ್ವಾಪ್ ಮಾಡಿದ ಮುಖ ಮೊದಲೇ ಮೆತ್ತಗಿರತ್ತೆ, ಯಾಕಂದ್ರೆ ಮಾಡೆಲ್ಲು ಸಾಮಾನ್ಯವಾಗಿ ಕೊಡೋದು 256 ಇಲ್ಲಾ 512 ಪಿಕ್ಸೆಲ್ ಮುಖ, ಅದನ್ನ ಹಿಗ್ಗಿಸಿ ನಿಮ್ಮ ಶಾಟಿನ ಮೇಲೆ ಅಂಟಿಸಿರ್ತೀರ, ಕತ್ತು ಕೈ ಎಲ್ಲ ಕ್ಯಾಮೆರಾದ ಪೂರ್ತಿ ಚೂಪಿನಲ್ಲಿ ಹಂಗೇ ಇರ್ತವೆ. ಹಂಗಾಗಿ ವಯಸ್ಸಿನ ವ್ಯತ್ಯಾಸ ಅಂತ ನಮಗೆ ಅನ್ಸೋದ್ರಲ್ಲಿ ಒಂದಷ್ಟು ಪಾಲು ಬರೀ ಚೂಪಿನ ವ್ಯತ್ಯಾಸ.

ಇದನ್ನ ಕಂಡುಹಿಡಿಯೋದು ಕಷ್ಟ ಇಲ್ಲ. ಒಂದು ಫ್ರೇಮನ್ನ ಸ್ಕ್ರೀನ್ ಮೇಲೆ ಹೆಬ್ಬೆಟ್ಟಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗ ಮುಖವಾಡ ಅನ್ನಿಸೋದು ನಿಂತುಹೋದ್ರೆ ತೊಂದ್ರೆ ಚರ್ಮದ ವಿವರದಲ್ಲಿದೆ, ಮುಖದ ಮೇಲೆ ಗ್ರೇನ್ ಹಾಕಿ, ಒಂಚೂರು ಶಾರ್ಪ್ ಮಾಡಿ, ಬೇರೆ ಭಾಗಕ್ಕೆ ಸಮ ತನ್ನಿ. ಚಿಕ್ಕದು ಮಾಡಿದ್ಮೇಲೂ ಹಂಗೇ ಇದ್ರೆ ತೊಂದ್ರೆ ಆಕಾರದಲ್ಲಿ, ನೆರಳಲ್ಲಿ ಇದೆ. ಆಮೇಲೆ ಒಂದು ಕಾರ್ಡಿಂದ ಮುಖ ಮುಚ್ಚಿ, ಈ ಕೆಲಸ ಗೊತ್ತಿಲ್ದಿರೋ ಒಬ್ಬರಿಗೆ ತೋರಿಸಿ ವಯಸ್ಸೆಷ್ಟು ಅಂತ ಕೇಳಿ. ಎಷ್ಟು ಅಂತ ಹೇಳಿದ್ರು ಅಂತ ಇಲ್ಲಿ ಹಾಕಿ.

ಕೇಳಿದವರು: ಮೇಡಂ ಮಾಡ್ದೆ. ಚಿಕ್ಕದು ಮಾಡಿದ್ರೂ ಮುಖವಾಡನೇ. ಮುಖ ಮುಚ್ಚಿ ತೋರಿಸಿದ್ರೆ ಅರವತ್ತರ ಮೇಲಾಗಿರತ್ತೆ ಅಂದ್ರು, ಯಾಕೆ ಅಂದ್ರೆ ಕೈ ತೋರಿಸಿದ್ರು. ಕತ್ತನ್ನ ಅವರು ಹೇಳ್ಲೇ ಇಲ್ಲ!

ಕಾಂಪೋಸಿಟರ್: ಕೈಲಿ ಪತ್ರ ಇದೆಯಲ್ಲ, ಕಣ್ಣು ಅಲ್ಲಿಗೇ ಹೋಗತ್ತೆ. ಆದ್ರೂ ಮುಖವಾಡ ಅನ್ನಿಸ್ತಿರೋದು ಕತ್ತಿಂದನೇ, ಯಾಕಂದ್ರೆ ಸೇರೋ ಜಾಗ ಅದು.

ಸ್ವಾಪ್ ಮಾಡೋ ಮಾಸ್ಕು, ಅಂದ್ರೆ ಮುಖ ಬದಲಾಗೋ ಜಾಗ, ಸಾಮಾನ್ಯವಾಗಿ ಹುಬ್ಬಿನಿಂದ ಗಲ್ಲದವರೆಗೆ ಇರತ್ತೆ, ಮುಖದ ಹೊರಗೆರೆ ಮಾತ್ರ ಶೂಟಲ್ಲಿದ್ದವರದ್ದೇ ಉಳ್ಕೊಳತ್ತೆ. ಅಂದ್ರೆ ಕಣ್ಣು ಮೂಗು 30 ಆಗಿದೆ, ದವಡೆ ಪಕ್ಕ ಇಳಿಬಿದ್ದಿರೋ ಚರ್ಮ, ಗಲ್ಲದ ಕೆಳಗಿನ ಜೋಲು, ಉದ್ದ ಆಗಿರೋ ಕಿವಿ ಹಾಲೆ ಇವೆಲ್ಲ 61ರವು. ಎಳೇ ವಯಸ್ಸಲ್ಲಿ ಗಲ್ಲದ ಕೆಳಗೆ ದವಡೆ ಒಂದು ಕಡೆ, ಕತ್ತು ಇನ್ನೊಂದು ಕಡೆ ಅಂತ ಚೆನ್ನಾಗಿ ಮುರಿದು ಕಾಣತ್ತೆ, ದವಡೆ ಕೆಳಗೆ ಒಂದು ಗಟ್ಟಿ ಅಂಚಿನ ನೆರಳು ಬೀಳತ್ತೆ. ವಯಸ್ಸಾದಾಗ ಆ ಮೂಲೆ ತುಂಬ್ಕೊಂಡು ಗಲ್ಲದಿಂದ ಎದೆಗೆ ಇಳಿಜಾರು ಆಗತ್ತೆ, ನೆರಳೂ ಕಲಸಿಹೋಗತ್ತೆ. ಉಗುರಿನಷ್ಟು ಚಿಕ್ಕದು ಮಾಡಿದ್ರೂ ಕಾಣೋದು ಇದೇ.

ಅದಕ್ಕೆ ನಾನು ಸುಕ್ಕು ಮುಟ್ಟೋಕೆ ಮುಂಚೆ ದವಡೆ ಸರಿ ಮಾಡ್ತೀನಿ. ಟ್ರ್ಯಾಕ್ ಮಾಡಿದ ಒಂದು ವಾರ್ಪಿಂದ ದವಡೆ ಅಂಚನ್ನ ಒಳಕ್ಕೆ, ಮೇಲಕ್ಕೆ ಸ್ವಲ್ಪ ಎಳೀತೀನಿ, ಆಮೇಲೆ ಅದರ ಕೆಳಗೆ ಶಾಟಿನ ಲೈಟ್ ಯಾವ ಕಡೆಯಿಂದ ಇದೆಯೋ ಅದಕ್ಕೆ ತಕ್ಕಂಗೆ ನೆರಳು ಹಾಕ್ತೀನಿ. ಬರೀ ಇಷ್ಟಕ್ಕೇ ಎಷ್ಟೋ ಶಾಟಲ್ಲಿ ಕತ್ತಿನ ಸುಕ್ಕಿಗೆ ಕೈ ಹಾಕೋ ಅಗತ್ಯ ಅರ್ಧ ಕಮ್ಮಿ ಆಗತ್ತೆ, ಗೆರೆಗಳು ಆ ನೆರಳಲ್ಲೇ ಮುಳುಗಿಹೋಗ್ತವೆ.

ಉಳಿದಿದ್ದಕ್ಕೆ, ಒಂದೇ ಒಂದು ಒಳ್ಳೇ ಫ್ರೇಮಲ್ಲಿ ಕತ್ತು ಪೇಂಟ್ ಮಾಡಿ, ಅದನ್ನ ಟ್ರ್ಯಾಕ್ ಮೇಲೆ ಬೇರೆ ಫ್ರೇಮುಗಳಿಗೆ ಒಯ್ಯಬೇಕು. ಸೆಕೆಂಡಿಗೆ 24 ಫ್ರೇಮಲ್ಲಿ ನಿಮ್ಮ 40 ಸೆಕೆಂಡು ಅಂದ್ರೆ 960 ಫ್ರೇಮು, ಒಂದೊಂದೇ ಪೇಂಟ್ ಮಾಡಿದ್ರೆ ಚರ್ಮ ಕುದಿಯೋ ಥರ ಅಲ್ಲಾಡತ್ತೆ. ಅಡ್ಡ ಗೆರೆಗಳನ್ನ ಪೂರ್ತಿ ಅಳಿಸ್ಬೇಡಿ, ಇಪ್ಪತ್ತರವರ ಕತ್ತಲ್ಲೂ ಗೆರೆ ಇರತ್ತೆ, ಗೆರೆಯ ಕಪ್ಪನ್ನ ತೆಳು ಮಾಡಿ ಸಾಕು. ತೆಗೀಬೇಕಾದ್ದು ಮಾತಾಡುವಾಗ ಗಲ್ಲದಿಂದ ಕಾಲರ್ ಮೂಳೆಗೆ ಹಗ್ಗದ ಹಂಗೆ ಎದ್ದು ನಿಲ್ಲೋ ಎರಡು ಉದ್ದ ಪಟ್ಟಿ. ಉಗುಳು ನುಂಗುವಾಗ ಗಂಟಲು ಮೇಲೆ ಕೆಳಗೆ ಆಡೋದನ್ನ ಮಾತ್ರ ದಯವಿಟ್ಟು ಉಳಿಸ್ಕೊಳ್ಳಿ, ಅದು ಹೋದ್ರೆ ಕತ್ತು ಗೊಂಬೇದಾಗತ್ತೆ.

ಮೇಕಪ್ ಆರ್ಟಿಸ್ಟ್: ಕೈ ವಿಷಯ ನಾನು ಹೇಳ್ತೀನಿ. ವಯಸ್ಸಾದಂಗೆ ಕೈ ಹಿಂಭಾಗದ ಕೊಬ್ಬು ಕರಗಿ ನರ, ಸ್ನಾಯುದಾರ ಎಲ್ಲ ಎದ್ದು ಕಾಣತ್ತೆ, ಅದರ ಮೇಲೆ ಕಂದು ಚುಕ್ಕೆ. ಚುಕ್ಕೆ ಮೇಕಪ್ಪಲ್ಲಿ ಮುಚ್ಚತ್ತೆ, ಉಬ್ಬಿದ ನರ ಮುಚ್ಚಲ್ಲ, ಯಾಕಂದ್ರೆ ಅದು ಬಣ್ಣ ಅಲ್ಲ, ನೆರಳು. ರೀಶೂಟ್ ಆಗೋದಾದ್ರೆ ಟೇಕಿಗೆ ಮುಂಚೆ ಅವರ ಕೈನ ತಲೆ ಮೇಲೆ ಎತ್ತಿಸಿ ಹಿಡಿಸಿ, ರಕ್ತ ಇಳಿದು ನರ ಚಪ್ಪಟೆ ಆಗತ್ತೆ. ಕೈ ಕೆಳಗೆ ಇಳಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ಉಬ್ಬತ್ತೆ, ಹಂಗಾಗಿ 40 ಸೆಕೆಂಡಿಗೆ ಇದು ಸಾಲಲ್ಲ, ಚಿಕ್ಕ ಶಾಟಿಗೆ ಮಾತ್ರ.

ಕಾಂಪೋಸಿಟರ್: ಇದು ನನಗೂ ಉಪಯೋಗದ ಮಾತು, ಥ್ಯಾಂಕ್ಸ್. ಕೈ ಪೇಂಟ್ ಮಾಡೋದು ಕತ್ತಿಗಿಂತ ಕಷ್ಟ, ಬೆರಳು ಮಡಚಿದಾಗಲೆಲ್ಲ ನೆರಳು ಬದಲಾಗತ್ತೆ, ಪತ್ರ ಬೇರೆ ಅಡ್ಡ ಬರತ್ತೆ. ಅದಕ್ಕೆ ಈ ಶಾಟಲ್ಲಿ ಕೈ ಫ್ರೇಮಿಂದ ಆಚೆ ಹೋಗೋ ಹಂಗೆ ಫ್ರೇಮ್ ಸ್ವಲ್ಪ ಬಿಗಿ ಮಾಡಿ, ಪತ್ರ ಹಿಡಿದ ಕೈನ ಇನ್ಸರ್ಟ್ ಶಾಟನ್ನ 30ರ ಆಸುಪಾಸಿನ ಬೇರೆಯವರ ಕೈ ಇಟ್ಟು ಅದೇ ಲೈಟಲ್ಲಿ ತೆಗೆದುಬಿಡಿ. ಮೈಬಣ್ಣದ ಜೊತೆ ಉಗುರಿನ ಆಕಾರನೂ ನೋಡ್ಕೊಳ್ಳಿ.

ಮತ್ತೊಬ್ಬರು: ನಂದೂ ಇದೇ ಸಮಸ್ಯೆ. ತೀರಿಕೊಂಡ ನಮ್ಮಪ್ಪನ ಫೋಟೋ ಒಂದೇ ಇರೋದು, 28ನೇ ವಯಸ್ಸಿಂದು. ಅದನ್ನ ಚಿಕ್ಕಪ್ಪನ ಮೈಗೆ ಕೂರಿಸಿ ಫ್ಯಾಮಿಲಿ ಫೋಟೋಲಿ ಸೇರಿಸ್ದೆ. ಅಮ್ಮ ನೋಡಿ ‘ಇವರಲ್ಲ’ ಅಂದುಬಿಟ್ಟರು.

ಕಾಂಪೋಸಿಟರ್: ಫೋಟೋ ಆದ್ರೆ ಮುಖ ಮಾತ್ರ ಕತ್ತರಿಸ್ಬೇಡಿ, ಕೂದಲು, ಕಿವಿ, ಕತ್ತು ಸೇರಿಸಿ ಅಂಗಿ ಕಾಲರ್‌ವರೆಗೆ ಪೂರ್ತಿ ತಗೊಳ್ಳಿ. ಜೋಡಣೆ ಬಟ್ಟೆ ಅಂಚಲ್ಲಿ ಬಂದ್ರೆ ಎರಡು ಚರ್ಮ ಒಂದಕ್ಕೊಂದು ತಾಗೋದೇ ಇಲ್ಲ. ಭುಜದ ಅಗಲನೂ ಅವರದಲ್ವಲ್ಲ, ಅಮ್ಮ ಗುರುತು ಹಿಡಿದಿದ್ದು ಅದನ್ನೇ ಇರಬಹುದು. ಅಪ್ಪ ಹೇಗೆ ನಿಲ್ತಿದ್ರು ಅಂತ ಅಮ್ಮನ್ನೇ ಕೂರಿಸ್ಕೊಂಡು ಕೇಳಿ.

ಇನ್ನೊಬ್ಬರು: ಹಾಗಾದ್ರೆ ಕೈ ಮುದುಕರದ್ದು ಮುಖ ಹುಡುಗರದ್ದು ಇದ್ರೆ ಆ ವಿಡಿಯೋ ಫೇಕ್ ಅಂತ ಗ್ಯಾರಂಟಿ ಹೇಳ್ಬೋದಲ್ವಾ?

ಕಾಂಪೋಸಿಟರ್: ಹೇಳಕ್ಕಾಗಲ್ಲ. ಬಿಸಿಲಲ್ಲಿ ಕೆಲಸ ಮಾಡೋರ ಕೈ, ಕತ್ತು ಮುಖಕ್ಕಿಂತ ಬೇಗ ಮಾಗಿರಬಹುದು, ಮುಖಕ್ಕೆ ಮೇಕಪ್ಪೋ ಬ್ಯೂಟಿ ಫಿಲ್ಟರೋ ಇದ್ರೂ ಹಂಗೇ ಕಾಣತ್ತೆ. ಅನುಮಾನಕ್ಕೆ ಕಾರಣ ಆಗ್ಬಹುದು, ಸಾಕ್ಷಿ ಆಗಲ್ಲ.

ಕೇಳಿದವರು: ಮೇಡಂ ದವಡೆ ವಾರ್ಪ್, ನೆರಳು ಎರಡೂ ಹಾಕಿದೆ, ನಂಬಕ್ಕಾಗ್ತಿಲ್ಲ, ಸುಕ್ಕು ಮುಟ್ಟಿಲ್ಲ ಇನ್ನೂ. ಒಂದೇ ಉಳ್ದಿರೋದು. ಕೊನೇಲಿ ಅವರು ಕುರ್ಚಿಯಿಂದ ಏಳ್ತಾರೆ, ತೊಡೆ ಮೇಲೆ ಕೈ ಊರಿ, ಮುಂದಕ್ಕೆ ಬಾಗಿ. ಅಲ್ಲಿ ಮತ್ತೆ 61 ಆಗ್ತಾರೆ.

ಕಾಂಪೋಸಿಟರ್: ಅದು ಪೇಂಟಿಗೆ ಸಿಗಲ್ಲ. 2019ರ ‘ದಿ ಐರಿಷ್‌ಮನ್’ ಸಿನಿಮಾದಲ್ಲಿ ಅಷ್ಟು ದೊಡ್ಡ ಬಜೆಟ್ಟಲ್ಲಿ ನಟನ ಮುಖ ಎಳೇದು ಮಾಡಿದ್ರೂ, ಅಂಗಡಿಯವನನ್ನ ಬೀದಿಲಿ ಒದೆಯೋ ದೃಶ್ಯ ನೋಡಿದ ಎಷ್ಟೋ ಜನ ಮೈ ಮಾತ್ರ ವಯಸ್ಸಾದವರದ್ದು ಅಂದ್ರು. ಸೆಟ್ಟಲ್ಲಿ ನಿಲುವು, ನಡಿಗೆ ಹೇಳಿಕೊಡೋಕೆ ಒಬ್ಬರನ್ನ ಇಟ್ಕೊಂಡಿದ್ರೂ ಕೂಡ. ನಿಮ್ಮ ಶಾಟಲ್ಲಿ ಅವರು ಕೈ ಊರೋಕೆ ಮುಂಚಿನ ಫ್ರೇಮಿಗೇ ಕಟ್ ಮಾಡಿ.

ಮೇಕಪ್ ಆರ್ಟಿಸ್ಟ್: ನಾನು ಒಪ್ಪಲ್ಲ, ಏಳೋ ಭಾಗ ಕಥೆಗೆ ಬೇಕಾಗಿರಬಹುದು. ಕುರ್ಚಿ ಮೇಲೆ ಗಟ್ಟಿ ಹಲಗೆ ಇಟ್ಟು ನಾಲ್ಕು ಇಂಚು ಎತ್ತರ ಮಾಡಿ ಮತ್ತೆ ತೆಗೀರಿ, ಊರ್ದೇ ಏಳ್ತಾರೆ.

ಕೇಳಿದವರು: ಏಳೋದು ಬೇಕೇ ಬೇಕು ಅಂತಿದಾರೆ ಡೈರೆಕ್ಟರ್. ಭಾನುವಾರ ಕಲಾವಿದರ ಡೇಟ್ ಸಿಕ್ರೆ ಹಲಗೆ ಇಟ್ಟು ತೆಗೀತೀವಿ, ಸಿಗದಿದ್ರೆ ಕಟ್.