ಸಂತೆಯ ಅಜ್ಜಿಯ ಆಡಿಯೊ ನಮ್ಮ ಗಾಣದ ಎಣ್ಣೆಗೆ ಹೊಂದುತ್ತದೆಯೇ?

ಗಾಣದಮನೆ: ಚಳ್ಳಕೆರೆಯ ನಮ್ಮ ಮರದ ಗಾಣದ ಶೇಂಗಾ ಎಣ್ಣೆಗೆ ಇನ್‌ಸ್ಟಾಗ್ರಾಮಿನಲ್ಲಿ ಒಂದು ರೀಲ್ ಮಾಡಬೇಕಿದೆ. ಸಂತೆಯಲ್ಲಿ ಅಜ್ಜಿಯೊಬ್ಬರು ಬೆಲೆ ಕೇಳಿ, ‘ಅಷ್ಟು ದುಡ್ಡು ಕೊಟ್ರೆ ನಿನ್ನ ಅಂಗ್ಡೀನೇ ಬರ್ತದಲ್ಲಪ್ಪ’ ಎನ್ನುವ ಆಡಿಯೊ ಈಗ ಎಲ್ಲರ ರೀಲಿನಲ್ಲೂ ಕೇಳುತ್ತಿದೆ. ನಾವು ಬಳಸಿದರೆ ಹೊಂದುತ್ತದೆಯೇ?

ಕತ್ತರಿ: ಆಡಿಯೊದ ಹೆಸರನ್ನು ಒತ್ತಿದರೆ ಅದನ್ನು ಬಳಸಿದ ರೀಲುಗಳೆಲ್ಲ ಒಂದೇ ಪುಟದಲ್ಲಿ ಸಿಗುತ್ತವೆ. ಮೇಲಿನ ಒಂದೆರಡು ಸಾಲಿಗೆ ನಿಲ್ಲದೆ ಇಪ್ಪತ್ತು ಮೂವತ್ತನ್ನಾದರೂ ನೋಡಿ, ನಗೆಪಾಟಲಾಗುತ್ತಿರುವವರು ಯಾರು ಎಂಬುದನ್ನು ಗಮನಿಸಿ. ನಾನು ನೋಡಿದವುಗಳಲ್ಲೆಲ್ಲ ಮಾಲಿನ ಪಾಪ್‌ಕಾರ್ನ್, ವಿಮಾನ ನಿಲ್ದಾಣದ ಕಾಫಿ, ಬೆಂಗಳೂರಿನ ಮನೆ ಬಾಡಿಗೆ ಇವೇ ಇದ್ದವು. ಅಂದರೆ ಅಜ್ಜಿ ಸರಿ, ಮಾರುವವನು ಸುಲಿಗೆಕೋರ. ಆ ಜಾಗದಲ್ಲಿ ನಿಮ್ಮ ಬಾಟಲಿ ನಿಂತರೆ ನೋಡುವವರು ಅಜ್ಜಿಯ ಪಕ್ಷವನ್ನೇ ವಹಿಸುತ್ತಾರೆ. ಗಾಣದ ಎಣ್ಣೆ ದುಬಾರಿ ಎಂಬ ದೂರು ಗ್ರಾಹಕರಲ್ಲಿ ಮೊದಲೇ ಇರುವಾಗ ಅದಕ್ಕೆ ನೀವೇ ದನಿ ಕೊಟ್ಟಂತಾಗುತ್ತದೆ.

ಇನ್ನೊಂದು ತೊಡಕೂ ಇದೆ. ಒಂಬತ್ತು ಸೆಕೆಂಡಿನ ಆಡಿಯೊದಲ್ಲಿ ಅಜ್ಜಿಯ ಮಾತು ಮುಗಿಯುವುದೇ ಏಳನೆಯ ಸೆಕೆಂಡಿಗೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕಿಲೋ ಬೀಜ ಬೇಕು ಎಂಬ ನಿಮ್ಮ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಬಯಲುಸೀಮೆಯವ: ನಮ್ಮ ಕಡೆಯ ಅಜ್ಜಿಯ ಮಾತು ಬ್ರ್ಯಾಂಡಿಗೆ ‘ಹೊಂದುತ್ತದೆಯೇ’ ಎಂದು ಕೇಳುವುದೇ ಅವಮಾನ. ಚಳ್ಳಕೆರೆಯ ಎಣ್ಣೆಗೆ ಚಳ್ಳಕೆರೆಯ ಮಾತು ಹೊಂದದೆ ಮತ್ತಾವ ಮಾತು ಹೊಂದಬೇಕು?

ಗಾಣದಮನೆ: ನಾನು ಕೇಳಿದ್ದು ಭಾಷೆಯ ವಿಷಯವನ್ನಲ್ಲ ಅಣ್ಣ, ಹಾಸ್ಯದ ವಿಷಯವನ್ನು.

ಇಳಕಲ್ ಅಂಗಡಿ: ಕತ್ತರಿಯವರು ಹೀಗೆ ಮೂವತ್ತು ರೀಲು ನೋಡುತ್ತ ಕುಳಿತರೆ ಅಷ್ಟರಲ್ಲಿ ಟ್ರೆಂಡೇ ಮುಗಿದಿರುತ್ತದೆ. ಸೀರೆಗೂ ಕ್ರಿಕೆಟ್ಟಿಗೂ ಎಳ್ಳಷ್ಟೂ ಸಂಬಂಧವಿಲ್ಲದಿದ್ದರೂ ನಾನು ಕ್ರಿಕೆಟ್ ಕಾಮೆಂಟರಿಯ ಆಡಿಯೊ ಹಾಕಿದೆ, ಎರಡು ಲಕ್ಷ ಜನ ನೋಡಿದರು. ಓಡುವ ಆಡಿಯೊವನ್ನು ಓಡುವಾಗಲೇ ಹಿಡಿಯಬೇಕು.

ಕತ್ತರಿ: ಆ ಎರಡು ಲಕ್ಷದಲ್ಲಿ ಸೀರೆಯ ಬೆಲೆ ಕೇಳಿದವರೆಷ್ಟು ಮಂದಿ? ಇನ್‌ಸೈಟ್ಸ್‌ನಲ್ಲಿ ಸೇವ್ ಮಾಡಿದವರ ಮತ್ತು ಹಂಚಿಕೊಂಡವರ ಸಂಖ್ಯೆ ಸಿಗುತ್ತದೆ. ಬೆಲೆ ಕೇಳಿ ಬಂದ ಸಂದೇಶಗಳನ್ನು ನೀವೇ ಎಣಿಸಬಹುದು. ಕಾಮೆಂಟುಗಳೆಲ್ಲ ಮ್ಯಾಚಿನ ಬಗ್ಗೆಯೇ ಇದ್ದರೆ ಆ ರೀಲು ಕ್ರಿಕೆಟ್ಟಿಗೆ ದುಡಿದಿದೆ, ನಿಮ್ಮ ಅಂಗಡಿಗಲ್ಲ.

ಇಳಕಲ್ ಅಂಗಡಿ: ನನ್ನ ಅಂಗಡಿಯ ಲೆಕ್ಕವನ್ನು ತಮಗೆ ಒಪ್ಪಿಸುವ ಅಗತ್ಯವಿಲ್ಲ. ಗಾಣದಮನೆಯವರಿಗೆ ಉಪಯೋಗವಾಗಲೆಂದು ಹೇಳುತ್ತೇನೆ: ಬಿಸಿನೆಸ್ ಖಾತೆಯಲ್ಲಿ ಸಿನಿಮಾ ಹಾಡುಗಳು ಸರಿಯಾಗಿ ಸಿಗುವುದಿಲ್ಲ. ಖಾತೆಯನ್ನು ಕ್ರಿಯೇಟರ್ ಎಂದು ಬದಲಾಯಿಸಿದರೆ ಸಿಗುತ್ತವೆ. ನಾನು ಮಾಡಿದ್ದೇ ಅದು.

ಕಡತ: ‘ಬದಲಾಯಿಸಿದರೆ ಸಿಗುತ್ತವೆ’ ಎಂಬ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಬಿಸಿನೆಸ್ ಖಾತೆಗೆ ಹಾಡುಗಳನ್ನು ಕಡಿಮೆ ಮಾಡಿರುವುದಕ್ಕೆ ಕಾರಣ, ಸಂಗೀತ ಕಂಪನಿಗಳೊಡನೆ ಮೆಟಾ ಮಾಡಿಕೊಂಡ ಒಪ್ಪಂದ ಸಾಮಾನ್ಯ ಬಳಕೆದಾರರ ಖಾಸಗಿ ಬಳಕೆಗಷ್ಟೇ ಇರುವುದು. ಖಾತೆಯ ಹೆಸರು ಬದಲಾದರೂ ನೀವು ಸರಕು ಮಾರುತ್ತಿರುವುದು ಬದಲಾಗುವುದಿಲ್ಲ. ಬ್ಯಾಂಗ್ ಎಂಬ ಪೇಯದ ಕಂಪನಿ ಟಿಕ್‌ಟಾಕ್‌ನಲ್ಲೇ ಸಿಗುವ ಹಾಡುಗಳನ್ನು ತನ್ನ ಪ್ರಚಾರದ ವಿಡಿಯೊಗಳಿಗೆ ಹಾಕಿತ್ತು. ಸೋನಿ ಮ್ಯೂಸಿಕ್ ಹೂಡಿದ ದಾವೆಯಲ್ಲಿ 2022ರಲ್ಲಿ ಫ್ಲಾರಿಡಾದ ಫೆಡರಲ್ ನ್ಯಾಯಾಲಯವು ಆ ವಿಡಿಯೊಗಳು ಕೃತಿಸ್ವಾಮ್ಯದ ಉಲ್ಲಂಘನೆ ಎಂದೇ ಹೇಳಿತು.

ಇಳಕಲ್ ಅಂಗಡಿ: ಫ್ಲಾರಿಡಾ! ಚಳ್ಳಕೆರೆಯ ಗಾಣಕ್ಕೆ ಫ್ಲಾರಿಡಾದಿಂದ ಸಮನ್ಸ್ ಬರುತ್ತದೆಯೇ?

ಕಡತ: ಬೆಂಗಳೂರಿನಿಂದಲೇ ಬರಬಹುದು. 2022ರ ನವೆಂಬರಿನಲ್ಲಿ ಕೆಜಿಎಫ್ ಎರಡನೆಯ ಭಾಗದ ಸಂಗೀತವನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೊಗಳಿಗೆ ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ನ್ಯಾಯಾಲಯಕ್ಕೆ ಹೋಯಿತು. ಬೆಂಗಳೂರಿನ ನ್ಯಾಯಾಲಯವು ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಹಿಡಿಯುವಂತೆ ಆದೇಶಿಸಿತ್ತು.

ಇಳಕಲ್ ಅಂಗಡಿ: ಆದೇಶಿಸಿತ್ತು, ಆದರೆ ಹೈಕೋರ್ಟು ಮರುದಿನವೇ ಅದನ್ನು ತೆಗೆದುಹಾಕಿತು. ಅರ್ಧ ಕಥೆ ಹೇಳಿ ಹೆದರಿಸುವ ಈ ಅಭ್ಯಾಸವನ್ನು ಬಿಡಿ.

ಕಡತ: ಆ ತುಣುಕುಗಳನ್ನು ಅಳಿಸಬೇಕೆಂಬ ಷರತ್ತಿನ ಮೇಲೆ ತೆಗೆದುಹಾಕಿತು. ಉಳಿದರ್ಧ ಕಥೆಯನ್ನು ನುಂಗಿದವರು ಯಾರು?

ಬಯಲುಸೀಮೆಯವ: ರಾಜಕೀಯ ಪಕ್ಷದ ಮಾತು ಇಲ್ಲಿಗೆ ಬರಬಾರದಿತ್ತು. ಒಂದು ಪಕ್ಷವನ್ನೇ ಹೆಸರಿಸಿದ್ದೇಕೆ?

ಕಡತ: ದಾವೆಯಲ್ಲಿ ಇದ್ದದ್ದು ಅದೇ ಪಕ್ಷವಾದ್ದರಿಂದ. ಬೇರೆ ಪಕ್ಷದವರು ಸಿಕ್ಕಿಬಿದ್ದಿದ್ದರೆ ಅವರನ್ನೇ ಹೆಸರಿಸುತ್ತಿದ್ದೆ.

ಮಸಾಲೆಡಬ್ಬಿ: ಅಜ್ಜಿಯ ಮಾತು ಸಿನಿಮಾ ಹಾಡಲ್ಲವಲ್ಲ. ಅದರ ಕೆಳಗೆ ‘ಒರಿಜಿನಲ್ ಆಡಿಯೊ’ ಎಂದೇ ಬರೆದಿದೆ. ಹಾಗಿದ್ದರೆ ಯಾರು ಬೇಕಾದರೂ ಬಳಸಬಹುದು, ಇಷ್ಟೆಲ್ಲ ಜಗಳವೇ ಬೇಕಿರಲಿಲ್ಲ.

ಕತ್ತರಿ: ಸಿನಿಮಾ ಹಾಡಲ್ಲ ಎಂಬುದು ಸರಿ, ಯಾರು ಬೇಕಾದರೂ ಎಂಬುದು ತಪ್ಪು. ಆ ಬರಹದ ಅರ್ಥ, ಅದನ್ನು ಯಾರೋ ತಮ್ಮ ಖಾತೆಯಿಂದ ಏರಿಸಿದ್ದಾರೆ ಎಂಬುದಷ್ಟೇ. ಸಿನಿಮಾ ಸಂಭಾಷಣೆಯನ್ನು ಕತ್ತರಿಸಿ ಏರಿಸಿದರೂ ಅದೇ ಬರಹ ಬೀಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ: ಅಜ್ಜಿಯ ಮಾತಿನ ಹಿಂದೆ ಸಣ್ಣಗೆ ಒಂದು ವಾದ್ಯ ಸಂಗೀತವೂ ಇದೆ. ಅದು ಯಾವುದಾದರೂ ಕಂಪನಿಯದಾಗಿದ್ದರೆ ನಾಳೆ ನಿಮ್ಮ ರೀಲು ಮೂಕವಾಗುತ್ತದೆ, ಮಾತಿನ ಮೇಲೆಯೇ ಕಟ್ಟಿದ ಹಾಸ್ಯವಾದ್ದರಿಂದ ಏನೂ ಉಳಿಯುವುದಿಲ್ಲ. ಹಕ್ಕುಳ್ಳ ಸಂಗೀತವಿರುವ ರೀಲನ್ನು ಹಣ ಕೊಟ್ಟು ಬೂಸ್ಟ್ ಮಾಡಲು ಇನ್‌ಸ್ಟಾಗ್ರಾಮ್ ಬಿಡುವುದೂ ಇಲ್ಲ.

ಮಸಾಲೆಡಬ್ಬಿ: ಸಂಗೀತ ತೆಗೆದ ಬರಿಯ ಮಾತಾದರೆ ಬಳಸಬಹುದು ಎಂದಾಯಿತು.

ಕಡತ: ಹಾಗೆಂದು ಯಾರೂ ಹೇಳಲಿಲ್ಲ. 2023ರಲ್ಲಿ ದೆಹಲಿ ಹೈಕೋರ್ಟು ಅನಿಲ್ ಕಪೂರ್ ಅವರ ಧ್ವನಿ, ಹೆಸರು, ಅವರ ಹೆಸರಾಂತ ಒಂದು ಪದ ಇವುಗಳನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ತಡೆದಿದೆ.

ಇಳಕಲ್ ಅಂಗಡಿ: ಸಂತೆಯ ಅಜ್ಜಿ ಈಗ ಅನಿಲ್ ಕಪೂರ್ ಆದರು! ಆ ರಕ್ಷಣೆ ದೊರೆತಿದ್ದು ಹೆಸರಾಂತ ನಟರಿಗೆ. ಅಜ್ಜಿಗೂ ಅದು ಅನ್ವಯಿಸುತ್ತದೆಂದು ಯಾವ ತೀರ್ಪಿನಲ್ಲಿದೆ, ತೋರಿಸಿ.

ಕಡತ: ತೀರ್ಪು ಇರಲಿ, ಒಂದು ಸಂದೇಶ ಕಳುಹಿಸಿ ಅನುಮತಿ ಕೇಳಲು ನಿಮಗೇನು ಕಷ್ಟ?

ಇಳಕಲ್ ಅಂಗಡಿ: ಅಂದರೆ ತೋರಿಸಲು ತೀರ್ಪಿಲ್ಲ. ಧನ್ಯವಾದಗಳು.

ಗಾಣದಮನೆ: ಸರ್, ನನ್ನ ಪ್ರಶ್ನೆ ಎಲ್ಲೋ ಹೋಯಿತು. ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅಜ್ಜಿ ಕೇಳಿದ ಬೆಲೆಯನ್ನು ಪ್ಯಾಕೆಟ್ ಎಣ್ಣೆಯ ಕಡೆಗೆ ತಿರುಗಿಸಿದರೆ ಹೇಗೆ?

ಕತ್ತರಿ: ಪ್ಯಾಕೆಟ್ ಎಣ್ಣೆ ನಿಮ್ಮದಕ್ಕಿಂತ ಅಗ್ಗ, ಆದ್ದರಿಂದ ಆ ಹಾಸ್ಯ ನಿಲ್ಲುವುದಿಲ್ಲ. ಆಡಿಯೊ ಬಿಟ್ಟು ಅದರ ಕಟ್ಟನ್ನಷ್ಟೇ ತೆಗೆದುಕೊಳ್ಳಿ. ಬೆಲೆ ಕೇಳಿ ಹುಬ್ಬೇರಿಸುವ ಗ್ರಾಹಕರ ಪಾತ್ರವನ್ನು ನಿಮ್ಮ ಮನೆಯವರೇ ಮಾಡಲಿ, ಮಾತು ನಾಲ್ಕನೆಯ ಸೆಕೆಂಡಿಗೆ ಮುಗಿಯಲಿ. ಮುಂದಿನ ಐದು ಸೆಕೆಂಡು ಯಾರೂ ಮಾತನಾಡದೆ ತಕ್ಕಡಿಗೆ ಎರಡೂವರೆ ಕಿಲೋ ಬೀಜ ಸುರಿದು, ಪಕ್ಕದಲ್ಲಿ ಒಂದು ಲೀಟರ್ ಬಾಟಲಿ ಇಡಿ. ಧ್ವನಿ ನಿಮ್ಮದೇ ಆದ್ದರಿಂದ ಬೂಸ್ಟ್‌ಗೂ ಅಡ್ಡಿಯಿಲ್ಲ. ಆದರೆ ಟ್ರೆಂಡಿನ ಆಡಿಯೊ ಪುಟದಿಂದ ಬರುವ ನೋಡುಗರು ಇದಕ್ಕೆ ಬರುವುದಿಲ್ಲ. ಆ ನಷ್ಟ ಇದ್ದೇ ಇದೆ.

ಇಳಕಲ್ ಅಂಗಡಿ: ‘ನಷ್ಟ ಇದ್ದೇ ಇದೆ’ ಎಂದು ಕೊನೆಗೂ ನಿಮ್ಮ ಬಾಯಲ್ಲೇ ಬಂತು. ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ.

ಕತ್ತರಿ: ನೀವು ಹೇಳಿದ್ದು ಕ್ರಿಕೆಟ್ಟಿನ ಬಗ್ಗೆ. ಬೆಲೆ ಕೇಳಿದವರೆಷ್ಟು ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಬಯಲುಸೀಮೆಯವ: ಮನೆಯವರು ಮಾತಾಡುವುದಾದರೆ ನಮ್ಮ ಕಡೆಯ ಮಾತಿನಲ್ಲೇ ಆಡಲಿ, ಬೆಂಗಳೂರಿನ ಜಾಹೀರಾತು ಕನ್ನಡ ಬೇಡ.

ಗಾಣದಮನೆ: ಅಮ್ಮನಿಗೆ ಬೇರೆ ಕನ್ನಡ ಬರುವುದೂ ಇಲ್ಲ ಅಣ್ಣ. ತಕ್ಕಡಿಯ ರೀಲು ಮೊದಲು ಹಾಕುತ್ತೇನೆ. ಅಪ್ಪನಿಗೆ ಮಾತ್ರ ಅಜ್ಜಿಯ ಆಡಿಯೊವೇ ಬೇಕಂತೆ, ಅದನ್ನು ಏರಿಸಿದವರಿಗೆ ಸಂದೇಶ ಕಳುಹಿಸಿದ್ದೇನೆ.