"ನಮ್ಮದು ಕಂಪನಿ" ಅಂದರೆ ಹೈಕೋರ್ಟಿಗೆ ಹೋಗೋ ಹಾಗಿಲ್ಲವೇ?

ಪ್ರಶ್ನೆ (ದಾವಣಗೆರೆ): ಒಂದು ಸರ್ಕಾರಿ ಕಂಪನಿಯ ಕೆಲಸ ಗುತ್ತಿಗೆ ಹಿಡಿದಿದ್ದೆ. ತಡವಾಯ್ತು ಅಂತ ನೋಟಿಸು ಬಂತು, ಉತ್ತರ ಕೊಟ್ಟೆ. ಆಮೇಲೆ ಒಂದೇ ಪತ್ರದಲ್ಲಿ 3 ವರ್ಷ ಕಪ್ಪುಪಟ್ಟಿಗೆ ಹಾಕಿ ಕೊನೆಯ ಬಿಲ್ಲನ್ನೂ ತಡೆದಿದ್ದಾರೆ. "ನಮ್ಮದು ಕಂಪನಿ, ಇಲಾಖೆ ಅಲ್ಲ, ಸಿವಿಲ್ ಕೋರ್ಟಿಗೆ ಹೋಗಿ" ಅಂತಾರೆ. ಸರಿಯೇ?

ಒಬ್ಬ ಸದಸ್ಯರು: ಅವರು ಹೇಳಿದ್ದು ಸರಿ ಅಣ್ಣ. ಕೆಎಸ್ಆರ್‌ಟಿಸಿ, ಎಲ್‌ಐಸಿ ಥರ ಕಾಯ್ದೆಯಿಂದಲೇ ಹುಟ್ಟಿದ ನಿಗಮಗಳ ಮೇಲೆ ಮಾತ್ರ ನೇರವಾಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು.

ವಕೀಲರು: ನಿಗಮಗಳ ಮಾತು ನಿಜ, "ಮಾತ್ರ" ಅನ್ನೋದು ತಪ್ಪು. 1981ರ ಅಜಯ್ ಹಾಸಿಯಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದು ಸಂಸ್ಥೆ ಹೇಗೆ ಹುಟ್ಟಿತು ಅನ್ನೋದನ್ನಲ್ಲ, ಯಾಕೆ ಹುಟ್ಟಿತು ಅನ್ನೋದನ್ನ. 2002ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಇನ್ನೂ ಬಿಗಿ ಮಾಡಿತು: ಹಣ, ಆಡಳಿತ, ಕೆಲಸ ಮೂರರಲ್ಲೂ ಸರ್ಕಾರದ ಹಿಡಿತ ಆಳವಾಗಿ ಹರಡಿರಬೇಕು. ಹಾಗಾಗಿ ಆ ಕಂಪನಿಯ ವಾರ್ಷಿಕ ವರದಿ ತೆಗೆದು ನೋಡಿ. ಷೇರು ಯಾರದು, ನಿರ್ದೇಶಕರನ್ನು ನೇಮಿಸೋರು ಯಾರು, ಸರ್ಕಾರದ ಒಪ್ಪಿಗೆ ಇಲ್ಲದೆ ಏನೇನು ಮಾಡೋಕಾಗಲ್ಲ? ಎಲ್ಲಾ ಸರ್ಕಾರದ ಕೈಯಲ್ಲಿದ್ದರೆ ಅದು ಸಂವಿಧಾನದ 12ನೇ ವಿಧಿಯ "ರಾಜ್ಯ"ವೇ. 14ನೇ ವಿಧಿಯ ಸಮಾನತೆ ಅದಕ್ಕೂ ಅನ್ವಯ, ಅದರ ಮೇಲೂ ರಿಟ್ ಹಾಕಬಹುದು.

ಇನ್ನು ನಿಮ್ಮ ನೋಟಿಸು. ಅದರಲ್ಲಿ "ಕಪ್ಪುಪಟ್ಟಿಗೆ ಯಾಕೆ ಸೇರಿಸಬಾರದು" ಅಂತ ಕೇಳಿದ್ದರೇ?

ಪ್ರಶ್ನೆ ಕೇಳಿದವರು: ಇಲ್ಲ ಸರ್. ವಿಳಂಬಕ್ಕೆ ಕಾರಣ ಕೊಡಿ ಅಂತ ಅಷ್ಟೇ.

ವಕೀಲರು: ನಿಮ್ಮ ಬಲ ಇರೋದೇ ಅಲ್ಲಿ. ಕಪ್ಪುಪಟ್ಟಿಗೆ ಹಾಕುವ ಮುಂಚೆ ಅಹವಾಲು ಕೇಳಬೇಕು ಅಂತ 1975ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಆಗಿದೆ. ಆ ಶಿಕ್ಷೆಯ ಯೋಚನೆ ಇದೆ ಅನ್ನೋದು ನೋಟಿಸಿನಿಂದಲೇ ಗೊತ್ತಾಗಬೇಕು ಅಂತ 2014ರ ಗೋರ್ಖಾ ಸೆಕ್ಯೂರಿಟಿ ತೀರ್ಪು. ಈ ಆದೇಶದ ಮೇಲೆ ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಹಾಕಿ. ದಾವಣಗೆರೆ ಜಿಲ್ಲೆ ಧಾರವಾಡ ಪೀಠಕ್ಕೆ ಸೇರಿಲ್ಲ. ಗೆದ್ದರೂ ಅವರು ಸರಿಯಾದ ನೋಟಿಸು ಕೊಟ್ಟು ಮತ್ತೆ ಶುರು ಮಾಡಬಹುದು, ಅದಕ್ಕೆ ವಿಳಂಬದ ಕಾಗದಪತ್ರ ಈಗಲೇ ಜೋಡಿಸಿಡಿ.

ಬಿಲ್ಲನ್ನು ಮಾತ್ರ ಇದರ ಜೊತೆ ಕಟ್ಟಬೇಡಿ. ಎಷ್ಟು ಕೆಲಸ ಆಯ್ತು, ಅಳತೆ ಪುಸ್ತಕದಲ್ಲಿ ಏನಿದೆ ಅನ್ನೋ ಜಗಳವಿದ್ದರೆ, "ಸಾಕ್ಷಿ ವಿಚಾರಣೆ ಬೇಕು, ಸಿವಿಲ್ ಕೋರ್ಟು ಇಲ್ಲವೇ ಪಂಚಾಯ್ತಿದಾರರ ಬಳಿ ಹೋಗಿ" ಅಂತಲೇ ಹೈಕೋರ್ಟ್ ಸಾಮಾನ್ಯವಾಗಿ ಹೇಳೋದು.

ಚಳ್ಳಕೆರೆಯ ಸದಸ್ಯರು: ನಮ್ಮೂರ ಸಹಕಾರ ಸಂಘ ನನ್ನ ಅಡಮಾನ ಸಾಲ ತಿರಸ್ಕರಿಸಿದೆ. ಅಲ್ಲೂ ಸರ್ಕಾರದ ರಿಜಿಸ್ಟ್ರಾರ್ ಹಿಡಿತ ಇದೆಯಲ್ಲ, ರಿಟ್ ಹಾಕಬಹುದಾ?

ವಕೀಲರು: ನಿಮ್ಮದು ಬೇರೆ ಅಮ್ಮಾ. ರಿಜಿಸ್ಟ್ರಾರ್ ಮೇಲ್ವಿಚಾರಣೆ ಮಾಡೋದು ಬೇರೆ, ಸರ್ಕಾರವೇ ನಡೆಸೋದು ಬೇರೆ. ಬರೀ ನಿಯಂತ್ರಣ ಸಾಲದು ಅಂತ 2013ರಲ್ಲಿ ಕೇರಳದ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲು ಸಹಕಾರ ಕಾಯ್ದೆಯಡಿ ದೂರು ಕೊಡಿ.

ಮೊದಲ ಸದಸ್ಯರು: ಸರ್ಕಾರದ ಪಾಲು ಅರ್ಧಕ್ಕಿಂತ ಕಮ್ಮಿ ಇದ್ದು, ಎಂ.ಡಿ. ಮಾತ್ರ ಐಎಎಸ್ ಆಗಿದ್ದರೆ?

ವಕೀಲರು: ಅದಕ್ಕೆ ಒಂದೇ ಸಾಲಿನ ಉತ್ತರ ನನ್ನ ಬಳಿ ಇಲ್ಲ. ಆಯಾ ಕಂಪನಿಯ ನಿಯಮಾವಳಿ ಓದಿಯೇ ಹೇಳಬೇಕು. ಏರ್ ಇಂಡಿಯಾ ಮೇಲೆ ಹಾಕಿದ್ದ ರಿಟ್‌ಗಳು, ಅದು ಖಾಸಗಿಯಾದ ಮೇಲೆ ನಿಲ್ಲಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯ್ತು. ರಿಟ್ ಹಾಕುವಾಗ ಅದು ಸರ್ಕಾರದ್ದೇ ಆಗಿದ್ದರೂ ಹಾಗಾಯ್ತು.

ಪ್ರಶ್ನೆ ಕೇಳಿದವರು: ನಮ್ಮದರಲ್ಲಿ ಷೇರೆಲ್ಲಾ ಸರ್ಕಾರದ್ದೇ ಸರ್, ಈಗಷ್ಟೇ ನೋಡಿದೆ. ನೋಟಿಸು ತಗೊಂಡು ಸೋಮವಾರ ಬರ್ತೀನಿ.